ಒಂದು ಸಾಲು ಹೆಂಚು ಕೇಳುವ ವಿಡಿಯೊ

ನಮ್ಮೂರ ಶಾಲೆಗಾಗಿ ನಾವು ಮಾಡಿದ ಮೊದಲ ವಿಡಿಯೊ 5 ನಿಮಿಷ 40 ಸೆಕೆಂಡಿನದು. ಮೇಷ್ಟ್ರ ಫೋನಿನಲ್ಲಿದ್ದ ನೂರಕ್ಕೂ ಹೆಚ್ಚು ಫೋಟೋಗಳನ್ನು ಸಾಲಾಗಿ ಜೋಡಿಸಿ, ಹಿಂದೆ ಒಂದು ಸಿನಿಮಾ ಹಾಡು ಹಾಕಿದ್ದೆವು. ಆಗಸ್ಟ್ 15, ಪ್ರತಿಭಾ ಕಾರಂಜಿ, ಶಾರದಾ ಪೂಜೆ, ಬಿಸಿಯೂಟ ಎಲ್ಲವೂ ಅದರಲ್ಲಿದ್ದವು. ಕೊನೆಗೆ ಕೈಮುಗಿದ ಚಿತ್ರದ ಕೆಳಗೆ ‘ತಮ್ಮ ಕೈಲಾದ ಸಹಾಯ ಮಾಡಿ’ ಎಂದು ಬರೆದಿದ್ದೆವು. ಹಳೆ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದ ಕೂಡಲೇ ಕೈಮುಗಿಯುವ, ಚಪ್ಪಾಳೆ ತಟ್ಟುವ ಚಿತ್ರಗಳು ಒಂದರ ಹಿಂದೆ ಒಂದು ಬಂದವು. ದುಡ್ಡು ಮಾತ್ರ ಬರಲಿಲ್ಲ.

ಮಾರನೆಯ ದಿನ ನನ್ನ ಜೊತೆ ಏಳನೆಯ ಕ್ಲಾಸು ಓದಿದವನೊಬ್ಬ ಬೆಂಗಳೂರಿನಿಂದ ಫೋನ್ ಮಾಡಿದ. ‘ವಿಡಿಯೊ ಚಂದ ಉಂಟು ಮಾರಾಯ. ಆದ್ರೆ ಎಷ್ಟು ಹಾಕ್ಬೇಕು, ಯಾರಿಗೆ ಹಾಕ್ಬೇಕು, ಅದ್ರಿಂದ ಏನು ಮಾಡ್ತೀರಿ?’ ಈ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ನಮ್ಮ ವಿಡಿಯೊದಲ್ಲಿ ಉತ್ತರವಿರಲಿಲ್ಲ. ಅವನೂ ಕೊಡುವ ಮನಸ್ಸಿದ್ದು ಕೈ ಕಟ್ಟಿಕೊಂಡು ಕೂತಿದ್ದ. ಎರಡನೆಯ ವಿಡಿಯೊವನ್ನು ನಾವು ಅವನ ಪ್ರಶ್ನೆಗಳಿಂದಲೇ, ಅಂದರೆ ಕೊನೆಯಿಂದಲೇ ಶುರು ಮಾಡಿದೆವು.

ಕೊನೆಯ ವಾಕ್ಯ ಮೊದಲು

ದೇಣಿಗೆ ಕೇಳುವ ವಿಡಿಯೊದಲ್ಲಿ ಮೊದಲು ಬರೆಯಬೇಕಾದದ್ದು ಅದರ ಕಡೆಯ ವಾಕ್ಯ. ಏನು ಕೇಳುತ್ತೇವೆ ಎಂಬುದು ನಿರ್ಧಾರವಾಗದೆ ಯಾವ ಫೋಟೋ ಬೇಕು, ಯಾವುದು ಬೇಡ ಎಂದು ಹೇಳಲು ಬರುವುದಿಲ್ಲ. ‘ಶಾಲೆಯ ಅಭಿವೃದ್ಧಿಗೆ’ ಎಂದು ಕೇಳಿದರೆ ಎಲ್ಲ ಫೋಟೋವೂ ಹೊಂದುತ್ತದೆ. ಹಾಗಾಗಿಯೇ ನಮ್ಮ ಮೊದಲ ವಿಡಿಯೊ ಸುಮಾರು ಆರು ನಿಮಿಷ ಎಳೆದಿತ್ತು.

ನಮಗೆ ನಿಜವಾಗಿ ಬೇಕಾಗಿದ್ದದ್ದು ಮಾಡು. ನಲಿ-ಕಲಿ ಕೊಠಡಿ ಮತ್ತು ಅದರ ಪಕ್ಕದ ಕೊಠಡಿಯ ಮಂಗಳೂರು ಹೆಂಚು ಒಡೆದು, ರೀಪು ಗೆದ್ದಲು ಹಿಡಿದು, ಮಳೆಗಾಲದಲ್ಲಿ ಎರಡೂ ಸೋರುತ್ತಿದ್ದವು. ಬಡಗಿಯನ್ನು ಮಾಡು ಹತ್ತಿಸಿ ಲೆಕ್ಕ ಹಾಕಿಸಿದಾಗ ಒಟ್ಟು ₹1,80,000 ಆಯಿತು. ಅದರಲ್ಲಿ ಪಕಾಸಿ ಮರದ ಕೆಲಸಕ್ಕೆ ₹60,000 ಬೇಕಿತ್ತು. ಅಷ್ಟನ್ನು ಊರಿನವರೇ ಆಗಲೇ ಕೂಡಿಸಿಟ್ಟಿದ್ದರು. ಉಳಿದ ₹1,20,000 ರೀಪು, ಹೆಂಚು ಮತ್ತು ಕೂಲಿಗೆ.

₹1,20,000 ಎಂದು ಕೇಳಿದರೆ ಒಬ್ಬನಿಗೆ ಅದು ತನ್ನ ಕೈಮೀರಿದ್ದು ಅನಿಸುತ್ತದೆ. ‘ಕೈಲಾದಷ್ಟು’ ಎಂದರೆ ನೂರು ಹಾಕಿದರೆ ಮರ್ಯಾದೆಯೇ, ಸಾವಿರ ಹಾಕಬೇಕೇ ಎಂದು ಯೋಚಿಸುತ್ತಲೇ ಫೋನು ಕೆಳಗಿಡುತ್ತಾನೆ. ದಾರಿ ತೋರಿಸಿದವನು ಬಡಗಿ. ‘ಒಂದು ಮಗ್ಗುಲಿಗೆ ಹನ್ನೆರಡು ಸಾಲು ಹೆಂಚು ಕೂರ್ತದೆ’ ಅಂದ. ಎರಡು ಕೊಠಡಿ, ಕೊಠಡಿಗೆ ಎರಡು ಮಗ್ಗುಲು, ಮಗ್ಗುಲಿಗೆ ಹನ್ನೆರಡು ಸಾಲು, ಒಟ್ಟು 48 ಸಾಲು. ಒಂದು ಲಕ್ಷದ ಇಪ್ಪತ್ತು ಸಾವಿರವನ್ನು 48ರಿಂದ ಭಾಗಿಸಿದರೆ ಸಾಲಿಗೆ ₹2,500. ಕಡೆಯ ವಾಕ್ಯ ಅಲ್ಲೇ ಸಿಕ್ಕಿತು: ‘₹2,500 ಕೊಟ್ಟರೆ ನಿಮ್ಮ ಶಾಲೆಯ ಮಾಡಿನಲ್ಲಿ ಒಂದು ಸಾಲು ಹೆಂಚು ಕೂರುತ್ತದೆ. ಬೇಕಾದದ್ದು 48 ಸಾಲು. ಏಪ್ರಿಲ್ 30ರೊಳಗೆ.’ ತಾರೀಕು ಸುಮ್ಮನೆ ಹಾಕಿದ್ದಲ್ಲ. ಮೇ ತಿಂಗಳಲ್ಲಿ ಶಾಲೆಗೆ ರಜೆ, ಜೂನ್‌ನಲ್ಲಿ ಮಳೆ. ಮಾಡು ಬಿಚ್ಚಲು ನಡುವೆ ಸಿಗುವುದು ಅದೊಂದೇ ತಿಂಗಳು. ಗಡುವಿಗೆ ಇಂಥ ಕಾರಣವಿದ್ದರೆ ಜನ ನಂಬುತ್ತಾರೆ. ‘ಕೂಡಲೇ’ ಎಂಬ ಪದ ಆ ಕೆಲಸ ಮಾಡುವುದಿಲ್ಲ.

ಊರಿನವರು ಹಾಕಿದ ₹60,000ವನ್ನು ಮೊದಲ ವಿಡಿಯೊದಲ್ಲಿ ಹೇಳಿಯೇ ಇರಲಿಲ್ಲ. ‘ಅಷ್ಟು ಇದೆ ಅಂದ್ರೆ ಇನ್ನು ಯಾರು ಕೊಡ್ತಾರೆ’ ಎಂಬುದು ಸಮಿತಿಯ ಹಿರಿಯರ ಅಳುಕು. ಆಗುವುದು ತಿರುಗುಮುರುಗು. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಜಾನ್ ಲಿಸ್ಟ್ ಮತ್ತು ಡೇವಿಡ್ ಲಕಿಂಗ್-ರೈಲಿ ಫ್ಲಾರಿಡಾದ ವಿಶ್ವವಿದ್ಯಾಲಯವೊಂದಕ್ಕೆ ಕಂಪ್ಯೂಟರ್ ಕೊಳ್ಳಲು ದೇಣಿಗೆ ಕೇಳುವಾಗ ಇದನ್ನೇ ಪರೀಕ್ಷಿಸಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ಬರೆದ ಪತ್ರದಲ್ಲಿ ‘ಬೇಕಾದ ಹಣದ ಶೇ 10 ಈಗಾಗಲೇ ಸಿಕ್ಕಿದೆ’ ಎಂದಿತ್ತು, ಕೆಲವರಿಗೆ ಶೇ 33, ಕೆಲವರಿಗೆ ಶೇ 67. ಶೇ 10 ಎಂದು ಓದಿದವರಿಗಿಂತ ಶೇ 67 ಎಂದು ಓದಿದವರಿಂದ ಸುಮಾರು ಆರು ಪಟ್ಟು ಹಣ ಬಂತು. ಅರ್ಧಕ್ಕೆ ನಿಂತುಹೋಗುವ ಕೆಲಸಕ್ಕೆ ಹಣ ಹಾಕಲು ಜನ ಹಿಂಜರಿಯುತ್ತಾರೆ. ಮುಗಿಯುವ ಕೆಲಸ ಎಂದು ಕಂಡರೆ ಕೈ ಬಿಚ್ಚುತ್ತಾರೆ.

ಫೋಟೋದ ಅಂಚು ನೋಡುವುದು

ಇನ್ನು ಫೋಟೋಗಳು. ಶಾಲೆಯ ಫೋಟೋಗಳಲ್ಲಿ ಒಂದು ತೊಡಕಿದೆ. ಅವೆಲ್ಲ ಸಂಭ್ರಮದ ದಿನ ತೆಗೆದವು. ಸೋರುವ ಮಾಡನ್ನು ಯಾರೂ ಫೋಟೋ ತೆಗೆಯುವುದಿಲ್ಲ. ಹೊಸದಾಗಿ ತೆಗೆಯೋಣ ಎಂದರೆ ನಾವು ಕೂತದ್ದು ಮಾರ್ಚ್‌ನಲ್ಲಿ, ಬಿಸಿಲು ಸುಡುತ್ತಿತ್ತು. ಬಕೆಟ್ಟಿನಲ್ಲಿ ನೀರು ಸುರಿದು ಸೋರಿದಂತೆ ಮಾಡಿ ತೆಗೆದರೆ ಅದು ಸುಳ್ಳು. ಅದೇ ಶಾಲೆಯಲ್ಲಿ ಓದಿದವರಿಗೆ ಅದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಆಗ ಮಾಡಿದ ಉಪಾಯ, ಫೋಟೋದ ನಡುವೆ ನಿಂತವರನ್ನು ಬಿಟ್ಟು ಅಂಚುಗಳನ್ನು ನೋಡಿದ್ದು. ಆಗಸ್ಟ್ 15ರ ಫೋಟೋದಲ್ಲಿ ಮಕ್ಕಳು ಬಾವುಟ ಹಿಡಿದು ನಿಂತಿದ್ದಾರೆ. ಹಿಂದಿನ ಗೋಡೆಯಲ್ಲಿ ಬಣ್ಣದ ಕಾಗದದ ಮಾಲೆಯ ಕೆಳಗೆ ನೀರು ಇಳಿದ ಕಂದು ಗೆರೆ ನೆಲದವರೆಗೂ ಬಂದಿದೆ. ಇನ್ನೊಂದರಲ್ಲಿ ಹುಡುಗಿಯೊಬ್ಬಳು ಭಾವಗೀತೆ ಹಾಡುತ್ತಿದ್ದಾಳೆ. ಅವಳ ಹಿಂದೆ ಬೆಂಚಿನ ಪಕ್ಕದಲ್ಲಿ ಒಂದು ಬಕೆಟ್ಟಿದೆ. ಪಾಠದ ಕೋಣೆಯ ನಡುವೆ ಬಕೆಟ್ಟು ಯಾಕಿದೆ? ನಮ್ಮ ವಿಡಿಯೊ ಶುರುವಾದದ್ದೇ ಆ ಪ್ರಶ್ನೆಯಿಂದ.

ಫೋಟೋಗಳನ್ನು ಮೂರು ಗುಂಪು ಮಾಡಿದೆವು. ಕೊರತೆ ಕಾಣಿಸುವವು, ಮಕ್ಕಳು ಕಲಿಯುತ್ತಿರುವವು, ಕೆಲಸ ಶುರುವಾಗಿದೆ ಎಂದು ತೋರಿಸುವವು. ಮೂರಕ್ಕೂ ಸೇರದವನ್ನು ಎಷ್ಟೇ ಚೆನ್ನಾಗಿದ್ದರೂ ತೆಗೆದಿಟ್ಟೆವು. ಎಂಎಲ್‌ಎ ಹಾರ ಹಾಕಿಸಿಕೊಳ್ಳುತ್ತಿರುವ ಫೋಟೋ ಬಿಡುವುದಕ್ಕೆ ಅರ್ಧ ಗಂಟೆ ಚರ್ಚೆಯಾಯಿತು. ಕಡೆಗೆ ಉಳಿದದ್ದು 16.

ಆಯ್ದ ಮೇಲೆ ಮೂಲ ಫೋಟೋ ತರಿಸಿಕೊಳ್ಳಬೇಕು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗಿ, ಅದರ ಉದ್ದನೆಯ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. ಫೋನಿನ ಮೂಲ ಫೋಟೋದಲ್ಲಿ ಆ ಬದಿ 4000ದಷ್ಟಿರುತ್ತದೆ. ಮೂಲೆಯ ಬಕೆಟ್ಟನ್ನು ಹಿಗ್ಗಿಸಿ ತೋರಿಸಬೇಕಾದಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಒಂದರಲ್ಲಿ ಅದು ಬಕೆಟ್ಟು, ಇನ್ನೊಂದರಲ್ಲಿ ನೀಲಿ ಮಸುಕು. ಫೋಟೋವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿದರೆ ಅದು ಕುಗ್ಗದೆ ಬರುತ್ತದೆ. ಗೋಡೆಗೆ ತೂಗುಹಾಕಿದ ಹಳೆಯ ಗ್ರೂಪ್ ಫೋಟೋವಾದರೆ ಗಾಜು ತೆಗೆದು, ಕಿಟಕಿಯ ಬೆಳಕಿನಲ್ಲಿ ಮೇಜಿನ ಮೇಲಿಟ್ಟು, ಫ್ಲ್ಯಾಶ್ ಇಲ್ಲದೆ ನೇರ ಮೇಲಿನಿಂದ ತೆಗೆದುಕೊಳ್ಳಬೇಕು.

105 ಸೆಕೆಂಡಿನ ಕಟ್ಟಡ

ಒಂದು ಫೋಟೋ ತೆರೆಯ ಮೇಲೆ ಐದು ಸೆಕೆಂಡು ನಿಂತರೆ ಕಣ್ಣು ಅದನ್ನು ಓದಿ ಮುಗಿಸುತ್ತದೆ. ಎರಡು ಸೆಕೆಂಡಾದರೆ ಓದುವಷ್ಟರಲ್ಲಿ ಹೋಗಿರುತ್ತದೆ. 16 ಫೋಟೋಗೆ 80 ಸೆಕೆಂಡು, ಕೇಳುವ ಭಾಗಕ್ಕೆ 25, ಒಟ್ಟು 105 ಸೆಕೆಂಡು. ನಿಧಾನವಾಗಿ ಕನ್ನಡ ಓದಿದರೆ ನಿಮಿಷಕ್ಕೆ ತೊಂಬತ್ತು ಪದ ಹಿಡಿಸುತ್ತದೆ. ನಡುವೆ ಉಸಿರಾಡಲು ಬಿಟ್ಟು ಲೆಕ್ಕ ಹಾಕಿದರೆ ಇಡೀ ವಿಡಿಯೊಗೆ 130 ಪದ. ಇದನ್ನು ಐದು ತುಂಡು ಮಾಡಿದೆವು.

ಮೊದಲ 12 ಸೆಕೆಂಡು ಬಕೆಟ್ಟಿಗೆ. ಹಾಡುವ ಹುಡುಗಿಯ ಫೋಟೋ, ಆಮೇಲೆ ಅದೇ ಫೋಟೋದ ಮೂಲೆ. ‘ಈ ಫೋಟೋದಲ್ಲಿ ಒಂದು ಬಕೆಟ್ಟಿದೆ. ಅದು ಅಲ್ಲಿ ಯಾಕಿದೆ ಗೊತ್ತೇ?’ ಶಾಲೆಯ ಹೆಸರು, ಸ್ಥಾಪನೆಯ ವರ್ಷ, ಸ್ವಾಗತ ಯಾವುದೂ ಇಲ್ಲಿಲ್ಲ. ಗ್ರೂಪಿನಲ್ಲಿ ನೋಡುವವನ ಬೆರಳು ಈ 12 ಸೆಕೆಂಡಿನಲ್ಲೇ ಮುಂದಿನ ಮೆಸೇಜಿಗೆ ಜಾರುತ್ತದೆ.

12ರಿಂದ 35ರವರೆಗೆ ಜಾಗದ ಪರಿಚಯ. ಹಳೆಯ ಗ್ರೂಪ್ ಫೋಟೋ ಬರುವುದು ಇಲ್ಲಿ. ಅದರಲ್ಲಿ ತಮ್ಮನ್ನೇ ಹುಡುಕಲು ನೋಡುವವರು ನಿಲ್ಲಿಸುತ್ತಾರೆ. ಅದಕ್ಕೇ ಇದೊಂದಕ್ಕೆ ಎಂಟು ಸೆಕೆಂಡು ಕೊಟ್ಟೆವು. ಪ್ರತಿ ಫೋಟೋದ ಮೂಲೆಯಲ್ಲೂ ವರ್ಷ ಬರೆದೆವು. ಹಳೆಯ ಫೋಟೋ ಇಂದಿನದೆಂದು ಯಾರೂ ತಿಳಿಯಬಾರದು.

35ರಿಂದ 60ರವರೆಗೆ ಒಂದೇ ಮಗುವಿನ ಒಂದು ಮಳೆಯ ದಿನ. ನಲಿ-ಕಲಿ ಕೊಠಡಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಗುಂಪುಗಳಲ್ಲಿ ಕೂತು ಕಾರ್ಡುಗಳ ಮೂಲಕ ಕಲಿಯುತ್ತಾರೆ. ಮಾಡು ಸೋರಿದರೆ ಮೊದಲು ಹಾಳಾಗುವುದು ಆ ಕಾರ್ಡುಗಳು. ಎರಡನೆಯ ಕ್ಲಾಸಿನ ಹುಡುಗಿಯೊಬ್ಬಳು ಕಾರ್ಡುಗಳನ್ನು ಎದೆಗವಚಿಕೊಂಡು ನಿಂತ ಫೋಟೋ ನಮ್ಮಲ್ಲಿತ್ತು. ‘ಮಳೆ ಶುರುವಾದರೆ ಇವಳ ಮೊದಲ ಕೆಲಸ ಕಾರ್ಡುಗಳನ್ನು ಟ್ರಂಕಿನೊಳಗೆ ಇಡುವುದು. ಓದು ಆಮೇಲೆ.’ ಇದಕ್ಕಿಂತ ಹೆಚ್ಚು ಹೇಳಲಿಲ್ಲ.

ಇಲ್ಲೊಂದು ಆಸೆಯನ್ನು ತಡೆದುಕೊಳ್ಳಬೇಕು. ಒಬ್ಬಳ ಕಥೆ ಹೇಳಿ, ಜೊತೆಗೇ ತಾಲ್ಲೂಕಿನಲ್ಲಿ ಇಂಥ ಶಾಲೆ ಎಷ್ಟು, ಮಕ್ಕಳು ಎಷ್ಟು ಎಂಬ ಅಂಕಿಅಂಶ ಸೇರಿಸಿದರೆ ತೂಕ ಬರುತ್ತದೆ ಎನಿಸುತ್ತದೆ. ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೀನ್ ಮತ್ತು ಪಾಲ್ ಸ್ಲೋವಿಕ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ. ಜನರ ಕೈಗೆ ಐದು ಡಾಲರ್ ಕೊಟ್ಟು, ಅದರಲ್ಲಿ ಎಷ್ಟು ದಾನ ಮಾಡುತ್ತಾರೆ ಎಂದು ನೋಡಿದರು. ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಹುಡುಗಿಯ ಬಗ್ಗೆ ಮಾತ್ರ ಓದಿದವರು ಸರಾಸರಿ 2.38 ಡಾಲರ್ ಕೊಟ್ಟರು. ಹಸಿವಿನ ಅಂಕಿಅಂಶ ಓದಿದವರು 1.14. ಎರಡನ್ನೂ ಒಟ್ಟಿಗೆ ಓದಿದವರು 1.43. ಅಂಕಿ ಕಂಡ ಕೂಡಲೇ ಮನಸ್ಸು ಲೆಕ್ಕಕ್ಕೆ ಕೂರುತ್ತದೆ, ಹುಡುಗಿ ಹಿಂದೆ ಸರಿಯುತ್ತಾಳೆ. ಸಾಲು, ರೂಪಾಯಿಗಳ ಲೆಕ್ಕವನ್ನು ನಾವು ಆ ಹುಡುಗಿಯಿಂದ ದೂರ, ಮುಂದಿನ ತುಂಡಿಗೆ ಇಟ್ಟೆವು.

ಒಂದೇ ಮಗುವನ್ನು ತೋರಿಸುವಾಗ ಆ ಮಗುವಿನ ಮನೆಯವರಿಗೆ ಮೊದಲು ತೋರಿಸಬೇಕು. ಮೇಷ್ಟ್ರು ಅವಳ ತಾಯಿಯನ್ನು ಕರೆಸಿ, ವಿಡಿಯೊ ತೋರಿಸಿ, ಒಪ್ಪಿಗೆಗೆ ಸಹಿ ಹಾಕಿಸಿಕೊಂಡರು. ಹೆಸರು ಬರೆಯಲಿಲ್ಲ. ಹರಿದ ಅಂಗಿ, ಬರಿಗಾಲುಗಳನ್ನು ಹತ್ತಿರದಿಂದ ತೋರಿಸುವ ಫೋಟೋಗಳನ್ನು ಕೈಬಿಟ್ಟೆವು. ಆ ಮಗು ನಾಳೆ ಇದೇ ಗ್ರೂಪಿನ ಹಳೆ ವಿದ್ಯಾರ್ಥಿನಿಯಾಗುತ್ತಾಳೆ.

60ರಿಂದ 80ರವರೆಗೆ ಆದ ಕೆಲಸ ಮತ್ತು ಉಳಿದ ಲೆಕ್ಕ: ಸಮಿತಿಯ ಸಭೆ, ಮಾಡಿನ ಮೇಲೆ ಅಳತೆ ಹಿಡಿದ ಬಡಗಿ, ಅಂಗಳಕ್ಕೆ ಬಂದು ಬಿದ್ದ ಪಕಾಸಿ. ‘₹60,000 ಊರೇ ಹಾಕಿದೆ. ಮರ ಬಂದಿದೆ. ಹೆಂಚಿಗೆ ನೀವು ಬೇಕು.’ ಕೊನೆಯ 25 ಸೆಕೆಂಡು ಕೇಳುವುದಕ್ಕೆ.

ಚಲಿಸದ ಚಿತ್ರ ಚಲಿಸಬೇಕು

ಫೋಟೋ ಸುಮ್ಮನೆ ನಿಂತರೆ ವಿಡಿಯೊ ಸತ್ತಂತೆ ಕಾಣುತ್ತದೆ. ಫೋಟೋದ ಮೇಲೆ ನಿಧಾನವಾಗಿ ಹತ್ತಿರ ಹೋಗುವ, ಪಕ್ಕಕ್ಕೆ ಸರಿಯುವ ತಂತ್ರವನ್ನು ಈಗ ಅಮೆರಿಕದ ಸಾಕ್ಷ್ಯಚಿತ್ರಕಾರ ಕೆನ್ ಬರ್ನ್ಸ್ ಹೆಸರಿನಿಂದ ಕರೆಯುತ್ತಾರೆ. ಅಮೆರಿಕದ ಅಂತರ್ಯುದ್ಧದ ಬಗ್ಗೆ 1990ರಲ್ಲಿ ಬಂದ ಅವರ ಸರಣಿ ಬಹುಪಾಲು ಹಳೆಯ ಫೋಟೋಗಳಿಂದಲೇ ಆದದ್ದು. ಅದಕ್ಕೂ ಮೊದಲು, 1957ರಲ್ಲಿ, ಕೆನಡಾದ ಕಾಲಿನ್ ಲೋ ಮತ್ತು ವೋಲ್ಫ್ ಕೋನಿಗ್ ‘ಸಿಟಿ ಆಫ್ ಗೋಲ್ಡ್’ ಎಂಬ ಚಿತ್ರದಲ್ಲಿ ಚಿನ್ನ ಹುಡುಕಿ ಬಂದವರ ಊರಿನ ಹಳೆಯ ಫೋಟೋಗಳನ್ನು ಹೀಗೆಯೇ ಬಳಸಿದ್ದರು.

ಆ ಚಲನೆಗೆ ಕಾರಣವಿರಬೇಕು. ಮಕ್ಕಳ ಮುಖದಿಂದ ಹೊರಟು ಗೋಡೆಯ ಕಲೆಯ ಮೇಲೆ ನಿಂತರೆ, ಮಾತು ಹೇಳದ್ದನ್ನು ಕ್ಯಾಮೆರಾ ಹೇಳಿದಂತಾಗುತ್ತದೆ. ಆ್ಯಪ್ ತಾನೇ ಕೊಡುವ ತಿರುಗುವ, ಚೂರಾಗುವ, ಹೃದಯದಾಕಾರದಲ್ಲಿ ತೆರೆಯುವ ಆಟಗಳೆಲ್ಲ ಮದುವೆ ಆಲ್ಬಮ್ಮಿಗೆ ಇರಲಿ. ಐದು ಸೆಕೆಂಡಿನಲ್ಲಿ ನೂರರಿಂದ ನೂರಹತ್ತಕ್ಕೆ ಹಿಗ್ಗಿದರೆ ಸಾಕು.

ಚೌಕಟ್ಟನ್ನು 1080 ಅಗಲ, 1350 ಎತ್ತರಕ್ಕೆ ಇಟ್ಟೆವು. ಫೋನನ್ನು ನೆಟ್ಟಗೆ ಹಿಡಿದೇ ಎಲ್ಲರೂ ನೋಡುತ್ತಾರೆ, ನಮ್ಮ ಫೋಟೋಗಳೋ ಅಡ್ಡ. ಅಡ್ಡ ಫೋಟೋ ಇದರಲ್ಲಿ 810 ಎತ್ತರ ತೆಗೆದುಕೊಂಡು ಕೆಳಗೆ ಅಕ್ಷರಗಳಿಗೆ 540 ಉಳಿಸುತ್ತದೆ. ಆ ಜಾಗ ಬೇಕೇ ಬೇಕು. ಬಸ್ಸಿನಲ್ಲಿ, ಆಫೀಸಿನಲ್ಲಿ ಬಹಳ ಜನ ಸದ್ದು ಆರಿಸಿಕೊಂಡೇ ನೋಡುತ್ತಾರೆ. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದನ್ನು ಫೋನಿನ ಆ್ಯಪ್‌ಗೆ ತಂದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಯೂನಿಕೋಡ್‌ನಲ್ಲೇ ಬರೆಯಬೇಕು. ಕೆಲವು ಆ್ಯಪ್‌ಗಳಲ್ಲಿ ಒತ್ತಕ್ಷರ ಬೇರೆಯಾಗಿ ನಿಲ್ಲುತ್ತದೆ. ಪೂರ್ತಿ ಮಾಡುವ ಮೊದಲು ‘ಹೆಂಚು’, ‘ವಿದ್ಯಾರ್ಥಿ’ ಎರಡು ಪದ ಬರೆದು ನೋಡಿದರೆ ಗೊತ್ತಾಗುತ್ತದೆ.

ಮಾತು ಹೇಳಿದವರು ಅಡುಗೆ ಅಕ್ಕ. ಬಕೆಟ್ಟು ಇಡುವವರೂ ಅವರೇ. ಸಿನಿಮಾ ಹಾಡು ತೆಗೆದೆವು. ಹಕ್ಕುಸ್ವಾಮ್ಯ ಇರುವ ಹಾಡಿದ್ದರೆ ಯೂಟ್ಯೂಬಿಗೆ ಹಾಕಿದಾಗ ಸದ್ದು ಅಡಗಬಹುದು, ವಿಡಿಯೊವನ್ನೇ ತಡೆಯಲೂಬಹುದು. ಹಿಂದಿನ ಜುಲೈನಲ್ಲಿ ಯಾರೋ ಫೋನಿನಲ್ಲಿ ತೆಗೆದಿದ್ದ ಹತ್ತು ಸೆಕೆಂಡಿನ ತುಣುಕಿನಿಂದ ಹೆಂಚಿನ ಮೇಲೆ ಬೀಳುವ ಮಳೆಯ ಸದ್ದನ್ನಷ್ಟೇ ತೆಗೆದುಕೊಂಡೆವು.

ಕೊನೆಯ 25 ಸೆಕೆಂಡು

ಇಲ್ಲಿ ಎಲ್ಲರೂ ಮಾಡುವ ತಪ್ಪು ಕ್ಯೂಆರ್ ಕೋಡ್ ಹಾಕಿ ಕೈತೊಳೆದುಕೊಳ್ಳುವುದು. ನೋಡುವವನ ಕೈಯಲ್ಲಿರುವುದು ಒಂದೇ ಫೋನು. ಅದರ ಪರದೆಯಲ್ಲಿ ಇರುವ ಕೋಡನ್ನು ಅದೇ ಫೋನಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡುವುದು ಹೇಗೆ? ಸ್ಕ್ರೀನ್‌ಶಾಟ್ ತೆಗೆದು ಗ್ಯಾಲರಿಯಿಂದ ಹಾಕುವುದು ಎಲ್ಲರಿಗೂ ಬರುವುದಿಲ್ಲ. ಹಾಗಾಗಿ ಕೋಡಿನ ಜೊತೆ ಯುಪಿಐ ಐಡಿಯನ್ನು ದಪ್ಪ ಅಕ್ಷರದಲ್ಲಿ ಬರೆದು, ತೆರೆಯ ಮೇಲೆ ಕನಿಷ್ಠ ಹತ್ತು ಸೆಕೆಂಡು ನಿಲ್ಲಿಸಬೇಕು. ವಿಡಿಯೊದ ಕೆಳಗೆ ಮೆಸೇಜಾಗಿ ಯುಪಿಐ ಐಡಿ, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೋಡುಗಳನ್ನು ಒಂದೊಂದೇ ಸಾಲಿನಲ್ಲಿ ಕೊಟ್ಟರೆ ಬೆರಳೊತ್ತಿ ನಕಲು ಮಾಡಿಕೊಳ್ಳಲು ಸುಲಭ. ವಿಡಿಯೊ ಮುಂದೆ ಮುಂದೆ ಹೋಗುವಾಗ ಮೆಸೇಜು ಹಿಂದೆ ಉಳಿದೀತು. ಹಾಗಾಗಿ ಎರಡು ಕಡೆಯೂ ಇರಬೇಕು.

ಹಣ ಹೋಗುವುದು ಯಾರ ಖಾತೆಗೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ನಮ್ಮದು ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ ಅಧ್ಯಕ್ಷರ ಜಂಟಿ ಖಾತೆ. ‘ಹಣ ಕಳಿಸುವ ಮುನ್ನ ಪರದೆಯಲ್ಲಿ ಶಾಲೆಯ ಈ ಹೆಸರು ಬಂದರೆ ಮಾತ್ರ ಮುಂದುವರಿಯಿರಿ’ ಎಂಬ ಒಂದು ಸಾಲನ್ನೂ ಹಾಕಿದೆವು. ಊರೂರು ತಿರುಗುವ ವಿಡಿಯೊದಲ್ಲಿ ಯಾರಾದರೂ ಕೋಡು ಬದಲಿಸಿದರೆ ತಡೆಯುವುದು ಆ ಹೆಸರೊಂದೇ.

ಪರದೇಶದಲ್ಲಿರುವವರಿಗೆ ಬೇರೆ ಸಾಲು ಬೇಕು. ಭಾರತದ ಪೌರತ್ವ ಉಳಿಸಿಕೊಂಡವರು ದುಬೈಯಲ್ಲಿದ್ದರೂ ತಮ್ಮ ಸ್ವಂತ ದುಡಿಮೆಯಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದವರು ಕಳಿಸಿದರೆ, ಅವರು ನಮ್ಮೂರವರೇ ಆದರೂ, 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಅದು ವಿದೇಶಿ ದೇಣಿಗೆ. ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಖಾತೆ ಅದನ್ನು ಪಡೆಯುವಂತಿಲ್ಲ. ಹಾಗೆಯೇ ಅನುಮೋದನೆ ಪಡೆದ ಸಂಸ್ಥೆಯಲ್ಲದಿದ್ದರೆ ‘ಆದಾಯ ತೆರಿಗೆ ವಿನಾಯಿತಿ ಉಂಟು’ ಎಂದು ಬರೆಯಬಾರದು.

ಅಡುಗೆ ಅಕ್ಕ ಓದಿದ ಕೊನೆಯ ಮಾತು ಇಷ್ಟೇ: ‘ಒಂದು ಸಾಲಿಗೆ ಎರಡೂವರೆ ಸಾವಿರ. ನಲ್ವತ್ತೆಂಟು ಸಾಲು ಬೇಕು. ಏಪ್ರಿಲ್ ಮೂವತ್ತರ ಒಳಗೆ ಹಾಕಿ. ಹಾಕಿದ ಮೇಲೆ ನಿಮ್ಮ ಹೆಸರು, ಓದಿದ ವರ್ಷ ಈ ನಂಬರಿಗೆ ಕಳಿಸಿ, ನಿಮ್ಮ ಸಾಲಿನ ನಂಬರು ಹೇಳ್ತೇವೆ.’ ಒಬ್ಬರೇ ಒಂದು ಸಾಲು ಹೊರಲಾರದವರು ಇಬ್ಬರು ಸೇರಿ ಕೊಡಬಹುದೆಂದು ತೆರೆಯ ಮೇಲೆ ಬರೆದಿದ್ದೆವು.

ಗ್ರೂಪಿನಲ್ಲಿ ವಾರಕ್ಕೊಮ್ಮೆ ತುಂಬಿದ ಸಾಲುಗಳ ಲೆಕ್ಕ ಹಾಕುತ್ತಾ ಹೋದೆವು. ಒಂದೇ ಬ್ಯಾಚಿನವರು ಒಂದು ಮಗ್ಗುಲು ಪೂರ್ತಿ ತಮ್ಮದೇ ಆಗಲಿ ಎಂದು ಹನ್ನೆರಡು ಸಾಲು ಹಿಡಿದದ್ದು ನಾವು ಯೋಚಿಸಿಯೇ ಇರದ ಸಂಗತಿ. ಕೆಲಸ ಮುಗಿದ ಮೇಲೆ 40 ಸೆಕೆಂಡಿನ ಇನ್ನೊಂದು ವಿಡಿಯೊ ಕಳಿಸಿದೆವು. ಅದರಲ್ಲಿ ಖರ್ಚಿನ ಪಟ್ಟಿಯ ಫೋಟೋ, ಹೊಸ ಮಾಡು, ಮೊದಲಿನ ಅದೇ ಮೂಲೆ ಇದ್ದವು. ಬಕೆಟ್ಟು ಇರಲಿಲ್ಲ.

ಅದನ್ನು ನೋಡಿ ಬೆಂಗಳೂರಿನ ಗೆಳೆಯ ಮತ್ತೆ ಫೋನ್ ಮಾಡಿದ. ಈ ಸಲ ಅವನದು ಒಂದೇ ಪ್ರಶ್ನೆ: ‘ಮೂವತ್ತೊಂದನೇ ಸಾಲು ನನ್ದು. ಅದು ಕೆಳಗಿಂದ ಎಷ್ಟನೇದು ಮಾರಾಯ?’